‘ಹೆಂಗಿದೆ ಹೇಳ್ರಿ’ ಅಂತ ಕವನ ಕಳಿಸಿದರೆ ಏನು ಉತ್ತರ ಕೊಡೋದು?

ದಾವಣಗೆರೆಯಲ್ಲಿ ಕನ್ನಡ ಪಾಠ ಮಾಡುವವರ ಫೋನಿಗೆ ಆಗಾಗ ಒಂದು ತರಹದ ಮೆಸೇಜು ಬರುತ್ತಿರುತ್ತದೆ. ಮೇಲೆ ಒಂದು ಕವನ, ಕೆಳಗೆ ‘ಹೆಂಗಿದೆ ಹೇಳ್ರಿ ಸರ್’. ಅಷ್ಟೇ. ಎಲ್ಲಿಗೆ ಬರೆದದ್ದು, ಯಾರು ಓದಬೇಕು, ಕವಿಗೆ ಏನು ಅನುಮಾನ, ಒಂದೂ ಇರುವುದಿಲ್ಲ. ಮೇಷ್ಟ್ರಿಗೇ ಬರಬೇಕು ಅಂತಿಲ್ಲ. ಮನೆಯಲ್ಲಿ ನಾಲ್ಕು ಪುಸ್ತಕ ಇರುವ ಯಾರಿಗಾದರೂ ಅಕ್ಕನ ಮಗನಿಂದಲೋ ಆಫೀಸಿನ ಗೆಳೆಯನಿಂದಲೋ ಬಂದೇ ಬರುತ್ತದೆ.

ಬಹಳ ಜನ ಇದಕ್ಕೆ ಎರಡು ತರಹ ಉತ್ತರ ಕೊಡುತ್ತಾರೆ. ಒಂದು, ‘ಸೂಪರ್’ ಅಂತ ಬರೆದು ಒಂದು ಹೂವಿನ ಚಿತ್ರ ಹಾಕುವುದು. ಇನ್ನೊಂದು ಸ್ವಲ್ಪ ಓದಿಕೊಂಡವರ ದಾರಿ: ‘ಚೆನ್ನಾಗಿದೆ ಅಂದರೆ ನಿನ್ನ ಲೆಕ್ಕದಲ್ಲಿ ಏನು? ಓದುಗ ಯಾರು? ಯಾವ ಪ್ರಕಾರ?’ ಅಂತ ಪ್ರಶ್ನೆಗಳ ಪಟ್ಟಿಯನ್ನೇ ವಾಪಸ್ ಕಳಿಸುವುದು. ಮೊದಲನೆಯದರಿಂದ ಬರೆದವನಿಗೆ ಏನೂ ಸಿಗುವುದಿಲ್ಲ. ಎರಡನೆಯದಕ್ಕೆ ಅವನು ಹೆದರಿ ಮತ್ತೆ ಕಳಿಸುವುದೇ ಇಲ್ಲ. ಆ ಪ್ರಶ್ನೆಗಳಿಗೆ ಅವನ ಹತ್ತಿರ ಉತ್ತರ ಇದ್ದಿದ್ದರೆ ಮೊದಲೇ ಬರೆಯುತ್ತಿದ್ದ, ಅಲ್ವಾ?

ಮೂರನೆಯ ದಾರಿ ಇದೆ. ಅವನು ಹೇಳದೆ ಬಿಟ್ಟದ್ದನ್ನು ಕವನದಿಂದಲೇ ಊಹಿಸಬೇಕು. ಆ ಊಹೆಯನ್ನು ಬಾಯಿ ಬಿಟ್ಟು ಹೇಳಬೇಕು. ಅದರ ಮೇಲೆ ನಿಂತು ತೀರ್ಪು ಕೊಡಬೇಕು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಬೇಕು. ಒಂದು ಕವನ ಇಟ್ಟುಕೊಂಡು ಇದನ್ನು ಮಾಡಿ ನೋಡೋಣ. ಯಾರದೋ ಕವನ ಎಳೆದು ತರುವುದು ಬೇಡ ಅಂತ, ನಮ್ಮಲ್ಲಿ ಬರುವ ತರಹದ್ದೇ ಒಂದನ್ನು ನಾನೇ ಕಟ್ಟಿದ್ದೇನೆ. ಕಳಿಸಿದವನು ಡಿಗ್ರಿ ಓದುವ ಹುಡುಗ ಅಂತ ಇಟ್ಟುಕೊಳ್ಳಿ. ಅವನ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ.

ಅವ್ವನ ಕೈಯಲಿ ಬಿಸಿಬಿಸಿ ಮರಳು
ಅಕ್ಕಿಯು ಅರಳಿತು ಮಲ್ಲಿಗೆಯಂತೆ
ಹೊಗೆಯಲಿ ಕೆಂಪಗೆ ಆದವು ಕಣ್ಣು
ನಕ್ಕಳು ಆದರು ದೇವತೆಯಂತೆ

ಉಪ್ಪಿನ ನೀರಿಗೆ ಬಿರುಕಿನ ಬೆರಳು
ಜರಡಿಯ ಸದ್ದಿಗೆ ಎಚ್ಚರ ನನಗೆ
ನಾನು ಓದಿ ದೊಡ್ಡ ಆಫೀಸರ್ ಆಗಿ ಅವಳ ಋಣ ತೀರಿಸುತ್ತೇನೆ
ಅವ್ವನ ಪ್ರೀತಿಗೆ ಬೆಲೆಯೇ ಇಲ್ಲ

1. ಎರಡು ಸಲ ಓದಿ, ಒಂದು ಸಲ ಗಟ್ಟಿಯಾಗಿ

ಮೊದಲ ಸಲ ಸುಮ್ನೆ ಓದಿ. ಏನನ್ನೂ ಗುರುತು ಹಾಕಬೇಡಿ. ಎರಡನೇ ಸಲ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ. ಕಣ್ಣಿಗೆ ಕಾಣದ ತಪ್ಪು ನಾಲಿಗೆಗೆ ಸಿಗುತ್ತದೆ. ಈ ಕವನವನ್ನು ಹಾಗೆ ಓದಿದರೆ ಆರು ಸಾಲು ಒಂದೇ ಓಟದಲ್ಲಿ ಹೋಗುತ್ತವೆ. ಏಳನೇ ಸಾಲಿಗೆ ಬಂದಾಗ ಉಸಿರು ಸಾಲದೆ ಎಡವುತ್ತೀರಿ. ಎಂಟನೆಯದರಲ್ಲಿ ಮತ್ತೆ ಓಟ ಹಿಡಿಯುತ್ತೀರಿ.

ಎಡವಿದ್ದು ನಿಜವೋ, ನನ್ನ ಓದಿನ ದೋಷವೋ ಅಂತ ಖಾತ್ರಿ ಮಾಡಿಕೊಳ್ಳಲು ಹೈಸ್ಕೂಲಿನಲ್ಲಿ ಕಲಿತ ಮಾತ್ರೆ ಲೆಕ್ಕ ಸಾಕು. ಹ್ರಸ್ವ ಅಕ್ಷರಕ್ಕೆ ಒಂದು. ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ, ಅರ್ಧಾಕ್ಷರವನ್ನು ಜೊತೆಗೆ ಎಳೆದುಕೊಂಡು ಬರುವುದಕ್ಕೆ ಎರಡು. ಮೊದಲ ಸಾಲನ್ನು ಒಡೆದರೆ ಅವ್ವನ, ಕೈಯಲಿ, ಬಿಸಿಬಿಸಿ ಇವು ನಾಲ್ಕು ನಾಲ್ಕು ಮಾತ್ರೆ. ಕೊನೆಯ ‘ಮರಳು’ ಮೂರು. ಒಟ್ಟು 15. ಉಳಿದ ಸಾಲುಗಳಿಗೂ ಇದೇ ಲೆಕ್ಕ. ಎಂಟನೆಯದರ ‘ಪ್ರೀ’ಯನ್ನು ತೇಲಿಸಿ ಓದುವುದರಿಂದ ಅದರ ಹಿಂದಿನ ‘ನ’ಕ್ಕೆ ಒಂದೇ. ಏಳನೇ ಸಾಲು ಮಾತ್ರ 31. ಒಂದಕ್ಕೆ ಎರಡಕ್ಕಿಂತ ಜಾಸ್ತಿ ಇದೆ. ಅಲ್ಲಿ ಹುಡುಗ ಕವನ ಬರೆಯುವುದನ್ನು ಬಿಟ್ಟು, ಮನಸ್ಸಿನಲ್ಲಿದ್ದ ಮಾತನ್ನು ನೇರವಾಗಿ ಹೇಳಿಬಿಟ್ಟಿದ್ದಾನೆ.

ಲಯ ಇಲ್ಲದ ಕವನಕ್ಕೆ ಈ ಲೆಕ್ಕ ಹಾಕಬೇಡಿ. ಮೊದಲಿಂದಲೂ ಸಾಲುಗಳು ಉದ್ದ ಗಿಡ್ಡ ಇದ್ದರೆ ಅವನಿಗೆ ಲಯ ಬೇಕಾಗಿಲ್ಲ ಅಂತ ಅರ್ಥ. ಆರು ಸಾಲು ಹಿಡಿದ ಓಟವನ್ನು ಏಳನೆಯದರಲ್ಲಿ ಬಿಟ್ಟು, ಎಂಟನೆಯದರಲ್ಲಿ ಮತ್ತೆ ಹಿಡಿದರೆ ಮಾತ್ರ ಅದು ತಪ್ಪು. ಕೆಲವರು ಬೇಕೆಂದೇ ಓಟ ಮುರಿಯುತ್ತಾರೆ, ನಿಜ. ಹಾಗೆ ಮುರಿದಿದ್ದರೆ ಆ ಸಾಲು ಕವನದಲ್ಲೇ ಗಟ್ಟಿ ಸಾಲಾಗಿರುತ್ತದೆ. ಇಲ್ಲಿ ಅದೇ ತೀರಾ ಸಪ್ಪೆ.

2. ಯಾರಿಗಾಗಿ ಬರೆದದ್ದು ಅಂತ ಕವನವನ್ನೇ ಕೇಳಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಬರೆದವನು ಓದುಗ ಯಾರು ಅಂತ ಹೇಳದಿದ್ದರೂ, ಬರೆಯುವಾಗ ಅವನ ಕಣ್ಣ ಮುಂದೆ ಯಾರೋ ಇದ್ದೇ ಇರುತ್ತಾರೆ. ಅದರ ಗುರುತು ಸಾಲುಗಳಲ್ಲಿ ಸಿಗುತ್ತದೆ.

ಈ ಕವನದಲ್ಲಿ ಏನೇನು ಸಿಗುತ್ತದೆ ನೋಡಿ. ಓಟ ಇದೆ, ಅಲ್ಲಲ್ಲಿ ಸಾಲಿನ ಕೊನೆಗೆ ಪ್ರಾಸ ಇದೆ. ಅಂದರೆ ಬಾಯಲ್ಲಿ ಹೇಳಲು ಬರೆದದ್ದು. ಕೊನೆಯ ಸಾಲು ಎಲ್ಲರೂ ತಲೆ ಅಲ್ಲಾಡಿಸುವಂಥದ್ದು, ಚಪ್ಪಾಳೆಗೆ ಜಾಗ ಬಿಟ್ಟಿದೆ. ಹಾಗಾಗಿ ಸ್ಟೇಜು, ಕವಿಗೋಷ್ಠಿ, ಕಾಲೇಜಿನ ಕಾರ್ಯಕ್ರಮ ಇಂಥದ್ದೇನೋ ಅವನ ತಲೆಯಲ್ಲಿದೆ.

ಇನ್ನೊಂದು ಗುರುತು ಇದಕ್ಕಿಂತ ಮುಖ್ಯ. ಇಡೀ ಕವನದಲ್ಲಿ ‘ಮಂಡಕ್ಕಿ’ ಎಂಬ ಪದವೇ ಇಲ್ಲ. ‘ಭಟ್ಟಿ’ಯೂ ಇಲ್ಲ. ದಾವಣಗೆರೆಯವರಿಗೆ ಮರಳು, ಅಕ್ಕಿ, ಹೊಗೆ, ಜರಡಿ ಅಂದರೆ ಸಾಕು, ತಟ್ಟನೆ ಗೊತ್ತಾಗುತ್ತದೆ. ಕಾದ ಮರಳಿಗೆ ಉಪ್ಪು ಹಿಡಿಸಿದ ಅಕ್ಕಿ ಹಾಕುತ್ತಾರೆ. ಅದು ಉಬ್ಬುತ್ತದೆ. ಜರಡಿ ಹಿಡಿದು ಮರಳನ್ನು ಬೇರೆ ಮಾಡುತ್ತಾರೆ. ಇದನ್ನು ನೋಡದ ಮಂಗಳೂರಿನವರು ಓದಿದರೆ ಅವ್ವ ಮರಳು ಹಿಡಿದು ಏನು ಮಾಡುತ್ತಿದ್ದಾಳೆ ಅಂತ ತಿಳಿಯದೆ ಮೂರನೇ ಸಾಲಿನವರೆಗೂ ತಡಕಾಡುತ್ತಾರೆ. ಹುಡುಗ ಬರೆದದ್ದು ನಮ್ಮೂರಿನವರಿಗೆ. ಅದು ಅವನಿಗೇ ಗೊತ್ತಿಲ್ಲದೆ ಇರಬಹುದು.

ಸರಿ, ಓದುಗರು ನಮ್ಮೂರಿನವರೇ ಅಂದುಕೊಂಡರೆ ಅವರು ಬಲು ಚುರುಕು. ಭಟ್ಟಿಯ ಓಣಿಯಲ್ಲಿ ಬೆಳೆದ ಒಬ್ಬರು ಸಭೆಯಲ್ಲಿದ್ದರೂ ಮೊದಲ ಸಾಲಿಗೇ ನಗುತ್ತಾರೆ. ಬಿಸಿಬಿಸಿ ಮರಳು ಯಾರ ಕೈಯಲ್ಲಿರುತ್ತೆ ತಮ್ಮಾ? ಅದು ಬಾಣಲೆಯಲ್ಲಿರುತ್ತೆ! ಹೊರಗಿನವರಿಗೆ ಇದು ತಪ್ಪು ಅನ್ನಿಸುವುದೇ ಇಲ್ಲ, ಕಷ್ಟದ ಚಿತ್ರ ಅನ್ನಿಸುತ್ತದೆ. ಒಂದೇ ಸಾಲು ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಸುಳ್ಳು. ಓದುಗ ಯಾರು ಅಂತ ಗೊತ್ತಾಗದೆ ‘ಚೆನ್ನಾಗಿದೆ’ ಅನ್ನಲು ಆಗದಿರುವುದು ಇದಕ್ಕೇ.

3. ಬೇರೆ ಅಳತೆಗೋಲು ಇಲ್ಲದಿದ್ದಾಗ ಈ ಒಂದನ್ನು ಹಿಡಿಯಿರಿ

ಓದುಗನನ್ನು ಊಹಿಸಿದ ಮೇಲೂ ಯಾವ ಸಾಲು ಗಟ್ಟಿ, ಯಾವುದು ಜೊಳ್ಳು ಅಂತ ಹೇಳಬೇಕಲ್ಲ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿ: ಇದನ್ನು ಕಿತ್ತು ಬೇರೆ ಯಾರದೋ ಅಮ್ಮನ ಕವನಕ್ಕೆ ಹಾಕಿದರೆ ಕೂರುತ್ತದೆಯೇ?

‘ಅವ್ವನ ಪ್ರೀತಿಗೆ ಬೆಲೆಯೇ ಇಲ್ಲ’. ಯಾವ ಅವ್ವನಿಗಾದರೂ ಹಾಕಿ, ಕೂರುತ್ತದೆ. ‘ನಕ್ಕಳು ಆದರು ದೇವತೆಯಂತೆ’ಯೂ ಹಾಗೆಯೇ. ಮೇಲಿನ ‘ಮಲ್ಲಿಗೆಯಂತೆ’ಗೆ ಪ್ರಾಸ ಬೇಕಿತ್ತು, ದೇವತೆ ಬಂದಳು. ಹೊಗೆಗೆ ಕಣ್ಣು ಕೆಂಪಾದವಳು ದೇವತೆಯಂತೆ ನಗುವುದನ್ನು ಹುಡುಗ ನೋಡಿರಲಿಕ್ಕಿಲ್ಲ. ‘ಮಲ್ಲಿಗೆಯಂತೆ’ಗೆ ಅಷ್ಟು ಬೈಯಲು ನನಗೆ ಮನಸ್ಸಿಲ್ಲ. ಆಗಷ್ಟೇ ಉಬ್ಬಿದ ಮಂಡಕ್ಕಿ ನಿಜಕ್ಕೂ ಮೊಗ್ಗಿನ ಹಾಗೇ ಕಾಣುತ್ತದೆ. ಆದರೆ ‘ಅಕ್ಕಿಯು ಅರಳಿತು’ ಅನ್ನುವಾಗಲೇ ಹೂವು ಬಂದಾಗಿದೆ, ಮತ್ತೆ ಮಲ್ಲಿಗೆ ತಂದರೆ ಎರಡು ಸಲ ಹೇಳಿದಂತೆ.

‘ಉಪ್ಪಿನ ನೀರಿಗೆ ಬಿರುಕಿನ ಬೆರಳು’. ಇದನ್ನು ಕಿತ್ತು ಎಲ್ಲೂ ಹಾಕಲು ಆಗುವುದಿಲ್ಲ. ಒಡೆದ ಬೆರಳನ್ನು ದಿನಾ ಉಪ್ಪುನೀರಿಗೆ ಹಾಕಿದರೆ ಹೇಗೆ ಉರಿಯುತ್ತದೆ ಅಂತ ಸಾಲಿನಲ್ಲಿ ಎಲ್ಲೂ ಹೇಳಿಲ್ಲ, ಆದರೂ ಓದುವವರ ಬೆರಳು ಉರಿಯುತ್ತದೆ. ಕಷ್ಟ, ತ್ಯಾಗ ಅಂತ ಒಂದು ಮಾತೂ ಇಲ್ಲ. ಮುಂದಿನ ಜರಡಿಯ ಸಾಲೂ ಗಟ್ಟಿಯೇ. ಅವ್ವ ಎಷ್ಟು ಹೊತ್ತಿಗೆ ಏಳುತ್ತಾಳೆ, ಮನೆ ಭಟ್ಟಿಗೆ ಎಷ್ಟು ಹತ್ತಿರ, ಎರಡೂ ಅದರಲ್ಲಿ ಬಂದುಬಿಟ್ಟಿವೆ.

ಒಂದು ಎಚ್ಚರಿಕೆ. ಎಲ್ಲಿ ಬೇಕಾದರೂ ಕೂರುವ ಸಾಲು ಯಾವಾಗಲೂ ಕೆಟ್ಟದಲ್ಲ. ಗೋಷ್ಠಿಯಲ್ಲಿ ಹತ್ತಾರು ಜನ ಸರದಿಯಲ್ಲಿ ಓದುತ್ತಾರೆ, ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆಯುವ ಸದ್ದು, ಮೈಕು ಒಮ್ಮೊಮ್ಮೆ ಕೈ ಕೊಡುತ್ತದೆ. ಅಲ್ಲಿ ಕೇಳುವವರಿಗೆ ಹಿಡಿದುಕೊಳ್ಳಲು ಒಂದು ಪರಿಚಿತ ಸಾಲು ಬೇಕು. ‘ಬೆಲೆಯೇ ಇಲ್ಲ’ ಅಲ್ಲಿ ಕೆಲಸ ಮಾಡುತ್ತದೆ. ಹಾಳೆಯ ಮೇಲೆ ಓದುವವರಿಗೆ ಅದೇ ಸಾಲು ಮೇಲಿನ ಬೆರಳಿನ ಉರಿಯನ್ನು ಆರಿಸಿಬಿಡುತ್ತದೆ.

4. ಉತ್ತರ ಬರೆಯಿರಿ: ಊಹೆ, ತೀರ್ಪು, ಒಂದು ಗಟ್ಟಿ ಸಾಲು, ಒಂದೆರಡು ತಪ್ಪು

ನಾನಾದರೆ ಹುಡುಗನಿಗೆ ಹೀಗೆ ಬರೆಯುತ್ತೇನೆ:

“ತಮ್ಮಾ, ಎರಡು ಸಲ ಓದಿದೆ. ನಮ್ಮೂರಿನವರ ಮುಂದೆ ಗಟ್ಟಿಯಾಗಿ ಓದೋಕೆ ಬರೆದಿದ್ದೀಯ ಅಂದ್ಕೊಂಡು ಹೇಳ್ತಿದ್ದೀನಿ. ಆ ಲೆಕ್ಕಕ್ಕೆ ಚೆನ್ನಾಗಿದೆ, ಆದ್ರೆ ಇನ್ನೂ ಸ್ಟೇಜಿಗೆ ತಯಾರಾಗಿಲ್ಲ. ‘ಉಪ್ಪಿನ ನೀರಿಗೆ ಬಿರುಕಿನ ಬೆರಳು’ ಬಹಳ ಗಟ್ಟಿ ಸಾಲು. ಕಣ್ಣಾರೆ ನೋಡಿದವರು ಮಾತ್ರ ಬರೆಯೋಕಾಗೋದು. ಏಳನೇ ಸಾಲು ಎಡವುತ್ತೆ. ಬೇರೆ ಸಾಲೆಲ್ಲ 15 ಮಾತ್ರೆ, ಅದೊಂದು 31. ಗಟ್ಟಿಯಾಗಿ ಓದಿ ನೋಡು, ನಿಂಗೇ ಗೊತ್ತಾಗುತ್ತೆ. ಮೊದಲನೇ ಸಾಲಿನ ಮರಳು ಕೈಯಲ್ಲಿದೆ, ಅದನ್ನ ಅವ್ವನಿಗೇ ಒಂದು ಸಲ ತೋರಿಸು. ಪತ್ರಿಕೆಗೆ ಕಳಿಸೋದಾದ್ರೆ ನನ್ನ ಮಾತು ಬೇರೆ ಆಗುತ್ತೆ. ಎಲ್ಲಿಗೆ ಅಂತ ಬರೆದೆ?”

ಇದರಲ್ಲಿ ಊಹೆ ಮೊದಲು ಬಂತು. ಊಹೆ ತಪ್ಪಿದ್ದರೆ ಹುಡುಗ ‘ಇಲ್ಲ ಸರ್, ಅದು ಮ್ಯಾಗಜೀನಿಗೆ’ ಅಂತ ಹೇಳುತ್ತಾನೆ. ನಮ್ಮ ತೀರ್ಪೂ ಹಾಳಾಗುವುದಿಲ್ಲ, ಅವನ ಕವನವೂ ಹಾಳಾಗುವುದಿಲ್ಲ. ಊಹೆ ಹೇಳದೆ ಬರೀ ‘ಕೊನೆಯ ಸಾಲು ಬೇಡ’ ಅಂದಿದ್ದರೆ, ಸ್ಟೇಜಿಗೆ ಬೇಕಾದ ಸಾಲನ್ನೇ ಕಿತ್ತು ಹಾಕುತ್ತಿದ್ದ.

ತೀರ್ಪು ಎರಡನೆಯದು. ಕೇಳಿದ್ದು ‘ಹೆಂಗಿದೆ’ ಅಂತ. ಅದಕ್ಕೆ ಉತ್ತರ ಕೊಡದೆ ಸುತ್ತಿ ಬಳಸಿ ಸಲಹೆ ಕೊಡುವುದು ಮೋಸ. ಚೆನ್ನಾಗಿಲ್ಲದಿದ್ದರೆ ಅದನ್ನೂ ಇದೇ ಜಾಗದಲ್ಲಿ ಹೇಳಬೇಕು: ‘ಈ ಲೆಕ್ಕಕ್ಕೆ ಇನ್ನೂ ಆಗಿಲ್ಲ, ಯಾಕಂದ್ರೆ...’ ಅಂತ. ಗಟ್ಟಿ ಸಾಲನ್ನು ಹೆಸರು ಹಿಡಿದು ತೋರಿಸುವುದು ಬರೀ ಬೆನ್ನು ತಟ್ಟುವುದಕ್ಕಲ್ಲ. ತಿದ್ದುವಾಗ ಅವನು ಮೊದಲು ಕೈ ಹಾಕುವುದು ಅಂಥ ಸಾಲಿಗೇ. ‘ಬಿರುಕಿನ ಬೆರಳು’ ಒರಟಾಯಿತೇನೋ ಅಂತ ‘ಹೂವಿನ ಬೆರಳು’ ಮಾಡುವ ಅಪಾಯ ನಿಜಕ್ಕೂ ಇದೆ.

ತಪ್ಪುಗಳಲ್ಲಿ ದೊಡ್ಡವನ್ನು ಮಾತ್ರ ಆರಿಸಿ. ದೇವತೆ, ಮಲ್ಲಿಗೆ ಎರಡನ್ನೂ ನಾನು ಬೇಕೆಂದೇ ಬಿಟ್ಟಿದ್ದೇನೆ. ಏಳನೇ ಸಾಲು ತಿದ್ದಲು ಕೂತರೆ ಅವನ ಕಿವಿ ಚುರುಕಾಗುತ್ತದೆ, ಅವು ಅವನಿಗೇ ಚುಚ್ಚುತ್ತವೆ. ಕಾಗುಣಿತ ತಪ್ಪಿದ್ದರೂ ಮೊದಲ ಉತ್ತರದಲ್ಲಿ ಎತ್ತಬೇಡಿ. ಅದರ ಪಟ್ಟಿ ಮಾಡುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ.

ತಿದ್ದಿ ಬರೆದು ಕೊಡುವ ಆಸೆಯಂತೂ ಬಹಳ ಬರುತ್ತದೆ. ಏಳನೇ ಸಾಲನ್ನು ‘ಓದುವೆ ಅವ್ವಾ ತೀರದು ಋಣವು’ ಅಂತ ಮಾಡಿದರೆ 15 ಮಾತ್ರೆ ಸರಿಯಾಗಿ ಕೂರುತ್ತದೆ. ಮೊದಲ ಸಾಲನ್ನು ‘ಅವ್ವನ ಬಾಣಲೆಯೊಳಗಡೆ ಮರಳು’ ಅಂದರೂ ಅಷ್ಟೇ. ನಿಮಗೆ ತೋರಿಸಲು ಬರೆದೆ, ಅವನಿಗೆ ಕಳಿಸುವುದಿಲ್ಲ. ಕಳಿಸಿದರೆ ಅವನು ಹಾಗೇ ಇಟ್ಟುಕೊಳ್ಳುತ್ತಾನೆ. ಮುಂದಿನ ಸಲ ಸಾಲು ಎಡವಿದಾಗ ಮತ್ತೆ ನನ್ನ ಹತ್ತಿರವೇ ಬರುತ್ತಾನೆ.

5. ಕಥೆಯಾದರೆ

ಕಥೆಗೆ ಮಾತ್ರೆ ಲೆಕ್ಕ ಇಲ್ಲ. ಬದಲಿಗೆ ಒಂದೇ ಗುರುತು ಹಾಕಿಕೊಳ್ಳಿ: ಓದುವಾಗ ನಿಮ್ಮ ಮನಸ್ಸು ಬೇರೆ ಕಡೆ ಹೋದ ಪ್ಯಾರಾ ಯಾವುದು? ಅದನ್ನು ಹೇಳಿದರೆ ಅರ್ಧ ವಿಮರ್ಶೆ ಆದಂತೆ.

ಓದುಗನನ್ನು ಊಹಿಸುವ ರೀತಿ ಇಲ್ಲೂ ಅದೇ. ಚಿತ್ರದುರ್ಗ ಕಡೆಯ ಒಬ್ಬರು 2022ರಲ್ಲಿ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು ತುಂಬಿ ಕೋಡಿ ಬಿದ್ದ ದಿನದ ಮೇಲೆ ಕಥೆ ಬರೆದರು ಅಂದುಕೊಳ್ಳಿ. ನೀರು ನೋಡಲು ಒಬ್ಬ ಅಜ್ಜಿ ಹೊರಡುತ್ತಾಳೆ. ಆದರೆ ಅಜ್ಜಿ ಬರುವುದು ಮೂರನೇ ಪ್ಯಾರಾದಲ್ಲಿ. ಮೊದಲೆರಡು ಪ್ಯಾರಾ ಪೂರ್ತಿ ವೇದಾವತಿ ನದಿ, ಮೈಸೂರು ಅರಸರು ಕಟ್ಟಿಸಿದ್ದು, 1933ರಲ್ಲಿ ಕೋಡಿ ಬಿದ್ದ ಮೇಲೆ 89 ವರ್ಷ ಬೀಳದೇ ಇದ್ದದ್ದು. ಹಿರಿಯೂರಿನವರಿಗೆ ಇದು ಬೇಡವೇ ಬೇಡ, ಅವರ ಬಾಯಲ್ಲಿ ಆ ಅಣೆಕಟ್ಟು ಮಾರಿಕಣಿವೆ, ‘ಮಾರಿಕಣಿವೆ ತುಂಬಿತು’ ಅಂದರೆ ಸಾಕು. ಬೆಂಗಳೂರಿನವರಿಗೆ ಆ 89 ವರ್ಷದ ಮಾತು ಬೇಕು. ಅದು ಗೊತ್ತಿಲ್ಲದಿದ್ದರೆ ಕೆರೆ ತುಂಬಿದ್ದಕ್ಕೆ ಅಜ್ಜಿ ಯಾಕೆ ಅಳುತ್ತಾಳೆ ಅಂತ ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಉತ್ತರ: “ಹೊರಗಿನವರಿಗೆ ಬರೆದಿದ್ದೀರಿ ಅಂದುಕೊಂಡೆ. ಮಾಹಿತಿ ಬೇಕು, ಆದರೆ ಅಜ್ಜಿ ಮೊದಲು ಬರಲಿ. 89 ವರ್ಷದ ಲೆಕ್ಕ ಅವಳ ಬಾಯಲ್ಲೇ ಬಂದರೆ ಇನ್ನೂ ಚೆನ್ನ.” ಓದುಗರು ಹಿರಿಯೂರಿನವರೇ ಅಂತ ಆಮೇಲೆ ಗೊತ್ತಾದರೆ ಎರಡೂ ಪ್ಯಾರಾ ತೆಗೆಯಲು ಹೇಳಿ.

6. ಉತ್ತರ ಕೊಡಬಾರದ ಪ್ರಶ್ನೆ

ಕೆಲವೊಮ್ಮೆ ‘ಹೆಂಗಿದೆ’ ಅಂತ ಕೇಳಿದರೂ ಅದು ಪ್ರಶ್ನೆಯೇ ಆಗಿರುವುದಿಲ್ಲ. ಕವನದಲ್ಲಿ ಒಬ್ಬರ ಹೆಸರು ಇರುತ್ತದೆ, ತೀರಿಕೊಂಡ ತಾರೀಖು ಇರುತ್ತದೆ, ಜೊತೆಗೆ ಒಂದು ಹಳೇ ಫೋಟೋ. ಅಲ್ಲಿ ಮಾತ್ರೆ ಎಣಿಸಬೇಡಿ. ತೀರಿಕೊಂಡವರ ಬಗ್ಗೆ ಕವನದಲ್ಲಿ ಬಂದ ಒಂದು ವಿವರ ಹಿಡಿದು ‘ಅವರು ಹಾಗೇ ಇದ್ದರಾ?’ ಅಂತ ಕೇಳಿ. ತಿಥಿಯ ಕಾರ್ಡಿಗೆ ಅಚ್ಚು ಹಾಕಿಸಬೇಕು, ತಪ್ಪು ನೋಡಿ ಅಂತ ಅವರೇ ಹೇಳಿದರೆ ಆಗ ಕಾಗುಣಿತ ನೋಡಿಕೊಡಿ. ಅಲ್ಲಿ ಅದೇ ಮುಖ್ಯ.

7. ಅವನ ಉತ್ತರ ಬಂದ ಮೇಲೆ

ಹುಡುಗ ‘ಕಾಲೇಜ್ ಮ್ಯಾಗಜೀನಿಗೆ ಸರ್’ ಅಂದ ಅಂತ ಇಟ್ಟುಕೊಳ್ಳಿ. ಈಗ ಓದುಗರು ಹಾಳೆ ಹಿಡಿದು ಓದುವವರು. ಹಾಸ್ಟೆಲಿನಲ್ಲಿರುವ ಬೇರೆ ಜಿಲ್ಲೆಯ ಹುಡುಗರೂ ಅದರಲ್ಲಿ ಸೇರುತ್ತಾರೆ. ತೀರ್ಪು ಬದಲಾಗುತ್ತದೆ, ಬದಲಾಯಿತು ಅಂತ ಬಾಯಿ ಬಿಟ್ಟು ಹೇಳಿ. ಏಳು ಮತ್ತು ಎಂಟನೇ ಸಾಲು ಎರಡನ್ನೂ ತೆಗೆದು, ಜರಡಿಯ ಸದ್ದಿಗೆ ಎಚ್ಚರವಾಗುವಲ್ಲಿಗೇ ನಿಲ್ಲಿಸಿ ನೋಡು ಅನ್ನಿ. ಋಣ ತೀರಿಸುವ ಮಾತು ಆಡದಿದ್ದರೂ, ಆ ಸದ್ದಿಗೆ ಏಳುವ ಮಗನಿಗೆ ಅದು ಗೊತ್ತಿದೆ ಅಂತ ಓದುವವರಿಗೆ ತಿಳಿಯುತ್ತದೆ. ಹೊರಗಿನವರು ತಡಕಾಡುವುದನ್ನು ತಪ್ಪಿಸಲು ಕವನಕ್ಕೆ ‘ಮಂಡಕ್ಕಿ ಭಟ್ಟಿ’ ಅಂತ ತಲೆಬರಹ ಕೊಟ್ಟರೆ ಸಾಕು, ಒಳಗಿನ ಒಂದು ಪದವನ್ನೂ ಮುಟ್ಟಬೇಕಾಗಿಲ್ಲ.

‘ಅವ್ವನಿಗೇ ಓದಿ ಹೇಳೋಕೆ ಸರ್’ ಅಂದರೆ ಮೊದಲ ಸಾಲಿನ ಮರಳನ್ನು ಬಾಣಲೆಗೆ ಹಾಕಲು ಹೇಳಿ. ದೇವತೆ ಇರಲಿ, ಮಲ್ಲಿಗೆ ಇರಲಿ, 31 ಮಾತ್ರೆಯ ಸಾಲೂ ಹಾಗೇ ಇರಲಿ. ಕೇಳುವ ಆ ಒಬ್ಬಳಿಗೆ ಇಡೀ ಕವನದಲ್ಲಿ ಹೆಚ್ಚು ಬೇಕಾಗಿರುವುದು ಆ ಉದ್ದದ ಸಾಲೇ.